ಎರಡು ನಿಮಿಷದ ಮುಖ್ಯ ಅತಿಥಿ

ಶಾಲಾ ಕ್ರೀಡಾಕೂಟದ ಮುಖ್ಯ ಅತಿಥಿಗಳಲ್ಲಿ ಎರಡು ಬಗೆ. ‘ಎರಡೇ ಎರಡು ನಿಮಿಷ ಮಾತಾಡಿ ಮುಗಿಸ್ತೀನಿ’ ಎಂದು ಶುರುಮಾಡಿ ನಲವತ್ತು ನಿಮಿಷ ತೆಗೆದುಕೊಳ್ಳುವವರು ಮೊದಲ ಬಗೆ. ಇವರಿಗೆ ಯಾವ ಜಿಲ್ಲೆಯಲ್ಲೂ ಬರವಿಲ್ಲ. ಅಂಥ ಭರವಸೆಯನ್ನೇನೂ ಕೊಡದೆ ಎದ್ದುಬಂದು, ನಿಜವಾಗಿಯೂ ಎರಡು ನಿಮಿಷಕ್ಕೆ ಮುಗಿಸಿ ಕುಳಿತುಕೊಳ್ಳುವವರು ಎರಡನೆಯ ಬಗೆ. ಇವರು ಅಪರೂಪ. ಒಮ್ಮೆ ಕಂಡವರು ಬಹಳ ದಿನ ಮರೆಯುವುದಿಲ್ಲ. ಮೆಚ್ಚಿ ನೆನೆಯುವವರೂ ಇದ್ದಾರೆ, ಬೈದು ನೆನೆಯುವವರೂ ಇದ್ದಾರೆ.

ಎರಡನೆಯ ಬಗೆಯವರು ಸಾಮಾನ್ಯವಾಗಿ ಗಡಿಯಾರ ನೋಡಿಕೊಂಡು ಬದುಕಿದ ಕಸುಬಿನಿಂದ ಬಂದವರು: ನಿವೃತ್ತ ಸ್ಟೇಷನ್ ಮಾಸ್ಟರ್, ಬಸ್ ಡಿಪೋ ಮ್ಯಾನೇಜರ್, ಹೊರಗೆ ಹಸುವೊಂದು ಕಾಯುತ್ತಿರುವ ಪಶುವೈದ್ಯರು. ಆಹ್ವಾನ ಪತ್ರಿಕೆಯಲ್ಲಿ ಇವರ ಹೆಸರನ್ನು ಹುಡುಕಬಾರದು. ಶಾಸಕರು ಬರುವುದಿಲ್ಲವೆಂದು ಹಿಂದಿನ ದಿನ ಸಂಜೆ ಖಚಿತವಾಗಿ, ತಾಲ್ಲೂಕಿನ ಅಧಿಕಾರಿಗಳಿಗೆ ಬೇರೆಲ್ಲೋ ಮೀಟಿಂಗ್ ಇದೆಯೆಂದು ತಿಳಿದ ಮೇಲೆ, ರಾತ್ರಿ ಎಂಟೂವರೆಗೆ ಹೆಡ್‌ಮಾಸ್ಟರು ಫೋನ್ ಮಾಡುವುದು ಇವರಿಗೇ. ‘ಒಂದೆರಡು ಹಿತವಚನ ಹೇಳಬೇಕು ಸಾರ್’ ಎಂದು ಅವರು ಕೇಳಿಕೊಳ್ಳುತ್ತಾರೆ. ಆ ‘ಒಂದೆರಡು’ ಎಂಬುದನ್ನು ಅಕ್ಷರಶಃ ನಂಬಿಬಿಡುವುದೇ ಇವರ ದೋಷ.

ಇವರ ಮಾತಿನ ಬೆಲೆ ತಿಳಿಯಬೇಕಾದರೆ ಮೈಕು ಇವರ ಕೈಗೆ ಬರುವ ಹೊತ್ತಿಗೆ ಏನೇನು ಆಗಿಹೋಗಿರುತ್ತದೆ ಎಂಬುದನ್ನು ನೋಡಬೇಕು. ಪತ್ರಿಕೆಯಲ್ಲಿ ಒಂಬತ್ತೂವರೆ ಎಂದಿರುವ ಕಾರ್ಯಕ್ರಮ ಹತ್ತೂಕಾಲಿಗೆ ಶುರುವಾಗುತ್ತದೆ. ಪ್ರಾರ್ಥನೆ, ಸ್ವಾಗತ ಭಾಷಣ, ಧ್ವಜಾರೋಹಣ, ಪಥಸಂಚಲನ, ಕ್ರೀಡಾಜ್ಯೋತಿ, ಪ್ರತಿಜ್ಞಾವಿಧಿ, ವರದಿ ವಾಚನ ಎಲ್ಲವೂ ಸಾಲಾಗಿ ನಡೆಯುತ್ತವೆ. ಸ್ವಾಗತದಲ್ಲಿ ವೇದಿಕೆಯ ಒಬ್ಬೊಬ್ಬರಿಗೂ ಒಂದು ವಿಶೇಷಣ, ಒಂದು ಹಾರ, ಒಂದು ಫೋಟೊ. ಆಮೇಲೆ ಮುಖ್ಯ ಅತಿಥಿಗಳ ಪರಿಚಯ. ಅವರು ಹುಟ್ಟಿದ ಊರಿನಿಂದ ಹಿಡಿದು ಪಡೆದ ಬಡ್ತಿಗಳವರೆಗೆ ಅದು ಆರು ನಿಮಿಷ ಹಿಡಿಯುತ್ತದೆ. ಅತಿಥಿಯ ಭಾಷಣಕ್ಕಿಂತ ಅತಿಥಿಯ ಪರಿಚಯ ಮೂರು ಪಟ್ಟು ದೊಡ್ಡದಾಗುವುದು ಈ ಬಗೆಯವರ ವಿಷಯದಲ್ಲಿ ಮಾತ್ರ. ಇಷ್ಟು ಹೊತ್ತೂ ಮಕ್ಕಳು ಬಿಸಿಲಿನಲ್ಲಿ ‘ಸಾವಧಾನ್’, ‘ವಿಶ್ರಾಮ್’ ನಡುವೆ ತೂಗಾಡುತ್ತಿರುತ್ತಾರೆ. ಬೆಳಿಗ್ಗೆ ಎಂಟೂವರೆಗೇ ಸಾಲಿನಲ್ಲಿ ನಿಂತವರು ಅವರು. ನೂರು ಮೀಟರ್ ಓಟದ ಹುಡುಗಿಯೊಬ್ಬಳು ಕಾಲಿನಿಂದ ಚಪ್ಪಲಿ ಕಳಚಿ, ಹಾಕಿ, ಮತ್ತೆ ಕಳಚಿ ಸಾಕಾಗಿರುತ್ತಾಳೆ.

ಇನ್ನು ಕಾಲದ ಲೆಕ್ಕ. ಬಯಲಿನಲ್ಲಿ ಮೈಕಿನ ಮುಂದೆ ಬಿಡಿಸಿ ಬಿಡಿಸಿ ಕನ್ನಡ ಮಾತಾಡಿದರೆ ನಿಮಿಷಕ್ಕೆ ಹೆಚ್ಚುಕಡಿಮೆ ಎಂಬತ್ತರಿಂದ ನೂರು ಪದ. ಅದಕ್ಕಿಂತ ವೇಗವಾಗಿ ಹೋಗುವಂತಿಲ್ಲ. ಮೈದಾನದ ಆಚೆ ತುದಿಯ ಬೇವಿನ ಮರಕ್ಕೆ ಕಟ್ಟಿದ ಎರಡನೆಯ ಹಾರ್ನ್ ಇದಕ್ಕೆ ಕಾರಣ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ನೂರು ಮೀಟರ್ ದೂರದ ಹಾರ್ನ್‌ನಿಂದ ಅದೇ ಮಾತು ಸೆಕೆಂಡಿನ ಹೆಚ್ಚುಕಡಿಮೆ ಮೂರನೇ ಒಂದು ಭಾಗ ತಡವಾಗಿ ವೇದಿಕೆಗೆ ವಾಪಸಾಗುತ್ತದೆ. ಉದ್ದ ವಾಕ್ಯ ಹಿಡಿದವರು ತಮ್ಮ ಬಾಲವನ್ನು ತಾವೇ ತುಳಿಯುತ್ತಾರೆ. ಹಾಗಾಗಿ ಎರಡು ನಿಮಿಷಕ್ಕೆ ದಕ್ಕುವುದು ಹೆಚ್ಚೆಂದರೆ ಇನ್ನೂರು ಪದ. ಅದರಲ್ಲಿ ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಆರಂಭಿಸಿ, ಅಧ್ಯಕ್ಷರು, ಉಪಾಧ್ಯಕ್ಷರು, ದಾನಿಗಳು, ಮಾಜಿ ಅಧ್ಯಕ್ಷರು, ಶಾಮಿಯಾನ ಉಚಿತವಾಗಿ ಕೊಟ್ಟವರು ಎಂದು ಒಬ್ಬೊಬ್ಬರ ಹೆಸರು ಹಿಡಿದರೆ, ‘ಮುದ್ದು ಮಕ್ಕಳೇ’ ಎನ್ನುವ ಹೊತ್ತಿಗೆ ಇನ್ನೂರೂ ಖರ್ಚಾಗಿರುತ್ತದೆ. ಬಿಟ್ಟುಹೋದ ಹೆಸರೊಂದು ನೆನಪಾಗಿ ಕ್ಷಮೆ ಕೇಳುವುದಕ್ಕೆ ಸಾಲ ಮಾಡಬೇಕಾಗುತ್ತದೆ.

ಎರಡು ನಿಮಿಷದ ಅತಿಥಿ ಇದನ್ನು ಒಂದೇ ವಾಕ್ಯದಲ್ಲಿ ದಾಟುತ್ತಾರೆ: ‘ವೇದಿಕೆಯಲ್ಲಿ ಕೂತಿರುವ ಹಿರಿಯರಿಗೆ, ಬಿಸಿಲಲ್ಲಿ ನಿಂತಿರುವ ಮಕ್ಕಳಿಗೆ ನಮಸ್ಕಾರ.’ ಇದಕ್ಕೆ ದೊಡ್ಡ ಮೇಲ್ಪಂಕ್ತಿಯೂ ಇದೆ. ಒಲಿಂಪಿಕ್ ಕ್ರೀಡೆಗಳನ್ನು ಉದ್ಘಾಟಿಸುವ ದೇಶದ ಮುಖ್ಯಸ್ಥರಿಗೆ ಒಲಿಂಪಿಕ್ ಸನ್ನದು ಕೊಟ್ಟಿರುವುದು ಒಂದೇ ಒಂದು ವಾಕ್ಯ. ಇಂಥ ಊರಿನ ಕ್ರೀಡಾಕೂಟ ಆರಂಭವಾಗಿದೆ ಎಂದು ಸಾರಿ ಅವರು ಸುಮ್ಮನಾಗಬೇಕು. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯ ಚಳಿಗಾಲದ ಒಲಿಂಪಿಕ್ಸಿನಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಆ ವಾಕ್ಯದ ಮುಂದೆ ತಮ್ಮ ದೇಶದ ಪರವಾಗಿ ಕೆಲವು ಪದ ಸೇರಿಸಿದ್ದಕ್ಕೇ ಅದು ನಿಯಮಕ್ಕೆ ಹೊರತಾದದ್ದು ಎಂದು ಜನ ಗುರುತಿಸಿದರು. ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿ ಇಂಥ ಸನ್ನದು ಇಲ್ಲ. ಅಲ್ಲಿ ಅತಿಥಿಯ ಮನಸ್ಸಾಕ್ಷಿಯೊಂದೇ ದಿಕ್ಕು.

ಈ ಬಗೆಯವರನ್ನು ಗುರುತಿಸಲು ಅವರು ಹೇಳುವುದಕ್ಕಿಂತ ಹೇಳದೆ ಬಿಡುವುದನ್ನು ಗಮನಿಸಬೇಕು. ಮೊಬೈಲ್ ಇವರ ಬಾಯಲ್ಲಿ ಬರುವುದಿಲ್ಲ. ತಾವು ಹುಡುಗರಾಗಿದ್ದಾಗ ಎಷ್ಟು ಮೈಲಿ ನಡೆದು ಶಾಲೆಗೆ ಹೋಗುತ್ತಿದ್ದೆವು ಎಂಬ ಲೆಕ್ಕ ಬರುವುದಿಲ್ಲ. ಮುಖ್ಯವಾಗಿ ಮಿಲ್ಖಾ ಸಿಂಗ್ ಬರುವುದಿಲ್ಲ. 1960ರ ರೋಮ್ ಒಲಿಂಪಿಕ್ಸಿನ 400 ಮೀಟರ್ ಓಟದಲ್ಲಿ ಮಿಲ್ಖಾ ನಾಲ್ಕನೆಯವರಾದರು. ಹಿಂತಿರುಗಿ ನೋಡಿದ್ದರಿಂದಲೇ ಪದಕ ಕೈತಪ್ಪಿತೆಂಬ ಕಥೆಯನ್ನು ಮೊದಲ ಬಗೆಯವರು ಪ್ರತಿ ವರ್ಷ ಹೇಳುತ್ತಾರೆ. ಅದನ್ನು ಕೇಳಿ ಓಟಕ್ಕೆ ನಿಂತ ಏಳನೇ ತರಗತಿಯ ಹುಡುಗರು ಕತ್ತು ಸೆಟೆಸಿಕೊಂಡು ಓಡಿ, ಪಕ್ಕದವನ ಲೇನಿಗೆ ನುಗ್ಗುತ್ತಾರೆ. ಮಿಲ್ಖಾ ಆದ ಮೇಲೆ ಪಿ.ಟಿ. ಉಷಾ: 1984ರ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನ ಕಂಚು ಅವರಿಗೆ ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ. ಸಮಯದ ಬೆಲೆ ತಿಳಿಸಲು ಈ ಪ್ರಸಂಗವನ್ನು ಎಂಟು ನಿಮಿಷ ವರ್ಣಿಸುವ ಸಂಪ್ರದಾಯವಿದೆ.

ಒಂದು ಮಾದರಿ ಭಾಷಣವನ್ನು ಹತ್ತಿರದಿಂದ ನೋಡಬಹುದು. ಅತಿಥಿ ಬಸ್ ಡಿಪೋ ಮ್ಯಾನೇಜರ್ ಎಂದಿಟ್ಟುಕೊಳ್ಳಿ. ಸ್ವಾಗತದ ಹೊತ್ತಿನಲ್ಲಿ ತೊಡಿಸಿದ ಮೈಸೂರು ಪೇಟ ಅವರಿಗೆ ಒಂದು ಅಳತೆ ದೊಡ್ಡದು. ಹುಬ್ಬಿನ ಮೇಲೆ ಕೂತಿದೆ. ಅದನ್ನು ತೆಗೆದು ಕುರ್ಚಿಯ ಮೇಲಿಟ್ಟು, ಶಾಲನ್ನು ಮಡಿಸಿ ಪೇಟದ ಮೇಲಿಟ್ಟು ಅವರು ಮೈಕಿನ ಬಳಿ ಬರುತ್ತಾರೆ. ಜೇಬಿನಿಂದ ಚೀಟಿ ತೆಗೆಯುವುದಿಲ್ಲ, ಕನ್ನಡಕ ಒರೆಸಿಕೊಳ್ಳುವುದಿಲ್ಲ. ನಮಸ್ಕಾರದ ವಾಕ್ಯ ಮುಗಿಸಿ, ತಾವು ಕೂತಲ್ಲಿಂದ ಕಂಡದ್ದನ್ನು ಹೇಳುತ್ತಾರೆ:

‘ಪಥಸಂಚಲನದಲ್ಲಿ ಹಸಿರು ತಂಡದ ಡ್ರಮ್ ಬಾರಿಸುವ ಹುಡುಗನ ಕೋಲು ಕೈಜಾರಿ ಬಿತ್ತು. ಅವನು ನಿಲ್ಲಲಿಲ್ಲ, ಇನ್ನೊಂದೇ ಕೋಲಲ್ಲಿ ತಾಳ ತಪ್ಪದ ಹಾಗೆ ಬಾರಿಸಿದ. ಸೊಗಸಾಗಿತ್ತಪ್ಪಾ. ಈ ಸುಣ್ಣದ ಗೆರೆಗಳನ್ನು ನಿಮ್ಮ ಪಿ.ಟಿ. ಮೇಷ್ಟ್ರು ಬೆಳಗಿನ ಜಾವ ಟಾರ್ಚ್ ಹಿಡಿದುಕೊಂಡು ಎಳೆದರಂತೆ. ಅವರಿಗೊಂದು ಚಪ್ಪಾಳೆ ಹೊಡೀರಿ. ಮೂರನೇ ಲೇನಿನ ತಿರುವಲ್ಲಿ ಮಣ್ಣು ಸಡಿಲವಾಗಿದೆ, ಅಲ್ಲಿ ಸ್ವಲ್ಪ ಹುಷಾರು. ಇವತ್ತು ಒಂದು ಓಟದಲ್ಲಿ ಮೂವರಿಗೆ ಮೆಡಲ್ ಸಿಗುತ್ತೆ. ಉಳಿದ ಐದು ಜನ ಇಲ್ಲದೇ ಹೋದರೆ ಆ ಮೂವರು ಯಾರ ಜೊತೆ ಓಡಬೇಕು? ಅದಕ್ಕೇ ಕೊನೆಯಲ್ಲಿ ಬರುವವರೂ ಗೆರೆ ದಾಟೋ ತನಕ ಓಡಿ. ನಾನು ನೋಡ್ತಾ ಇರ್ತೀನಿ, ಚಪ್ಪಾಳೆ ಹೊಡೀತೀನಿ. ಕ್ರೀಡಾಕೂಟ ಶುರುವಾಗಿದೆ ಎಂದು ಘೋಷಿಸ್ತಾ ಇದ್ದೀನಿ. ಆಡಿ.’

ಮಾತು ಇಷ್ಟೇ. ಇದರಲ್ಲಿ ಉಪದೇಶವೆಂದರೆ ಮಣ್ಣು ಸಡಿಲವಾಗಿದೆ ಎಂಬುದೊಂದೇ. ಅದೂ ಕಾಲು ಉಳುಕದಿರಲೆಂದು. ಪ್ರೋತ್ಸಾಹವೆಲ್ಲ ಕಣ್ಣೆದುರು ನಡೆದದ್ದರ ಮೇಲೆ ನಿಂತಿದೆ. ಹಸಿರು ತಂಡದ ಹುಡುಗನಿಗೆ ಕೋಲು ಬಿದ್ದಾಗಿನಿಂದ ಹಿಡಿದಿದ್ದ ಅಳು ಅಲ್ಲಿಗೆ ನಿಂತಿತು. ಪಿ.ಟಿ. ಮೇಷ್ಟ್ರು ನಾಚಿಕೆಯಿಂದ ವಿಷಲ್ ಊದಿಬಿಟ್ಟರು. ಸಾಲಿನ ಕೊನೆಯಲ್ಲಿದ್ದ ಇಬ್ಬರು ಓಟ ಶುರುವಾಯಿತೆಂದುಕೊಂಡು ಓಡಿಯೇಬಿಟ್ಟರು.

ತೊಂದರೆ ಶುರುವಾಗುವುದು ಇಲ್ಲಿಂದ. ಕ್ರೀಡಾಕೂಟದ ಇಡೀ ವ್ಯವಸ್ಥೆ ಅತಿಥಿಗಳು ಕನಿಷ್ಠ ಅರ್ಧ ಗಂಟೆ ಮಾತಾಡುತ್ತಾರೆಂಬ ನಂಬಿಕೆಯ ಮೇಲೆ ಕಟ್ಟಿದ್ದು. ಆ ಅರ್ಧ ಗಂಟೆಯಲ್ಲಿ ನಿಂಬೆಹಣ್ಣು ತರಲು ಜವಾನ ಸಂತೆಗೆ ಹೋಗಿರುತ್ತಾನೆ. ಮೆಡಲ್‌ಗಳು ಇನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಒಂದಕ್ಕೊಂದು ದಾರ ಸುತ್ತಿಕೊಂಡು ಕೂತಿರುತ್ತವೆ. ಇಬ್ಬರು ಟೀಚರುಗಳು ಅವನ್ನು ಬಿಡಿಸುತ್ತಿರುತ್ತಾರೆ. ಫೋಟೊಗ್ರಾಫರ್ ಉಪ್ಪಿಟ್ಟಿನ ತಟ್ಟೆ ಹಿಡಿದಿರುತ್ತಾನೆ. ಹಾಗಾಗಿ ಅತಿಥಿ ಭಾಷಣ ಮಾಡಿದ್ದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಅವರನ್ನು ಮತ್ತೆ ಮೈಕಿನ ಮುಂದೆ ನಿಲ್ಲಿಸಿ, ಪೇಟ ತೊಡಿಸಿ, ಬಾಯಿ ತೆರೆಸಿ ಫೋಟೊ ತೆಗೆಯಬೇಕಾಗುತ್ತದೆ. ಎಲ್ಲರಿಗಿಂತ ಹೆಚ್ಚು ಕಷ್ಟ ವಂದನಾರ್ಪಣೆಯವರದು. ಅವರ ಚೀಟಿಯಲ್ಲಿ ‘ಸುದೀರ್ಘವಾಗಿ ಮನಮುಟ್ಟುವಂತೆ ಮಾತಾಡಿದ’ ಎಂದು ಹಿಂದಿನ ರಾತ್ರಿಯೇ ಬರೆದಾಗಿದೆ. ಅವರು ಅದನ್ನು ಹಾಗೆಯೇ ಓದುತ್ತಾರೆ.

ಎರಡು ನಿಮಿಷದವರು ಕೆಟ್ಟು ಮೊದಲ ಬಗೆಗೆ ಸೇರಿಬಿಡುವ ಅಪಾಯವೂ ಉಂಟು. ಅದಕ್ಕೆ ಮುಖ್ಯ ಕಾರಣ ಚಪ್ಪಾಳೆ. ಬೇಗ ಮುಗಿಯಿತೆಂಬ ಸಂತೋಷಕ್ಕೆ ಮಕ್ಕಳು ಜೋರಾಗಿ ಚಪ್ಪಾಳೆ ಹೊಡೆಯುತ್ತಾರೆ. ಅತಿಥಿ ಅದನ್ನು ತಮ್ಮ ವಾಗ್ಮಿತೆಗೆ ಸಂದದ್ದೆಂದು ತಿಳಿದರೆ ಮುಂದಿನ ಸಲ ನಾಲ್ಕು ನಿಮಿಷವಾಗುತ್ತದೆ, ಅದರ ಮುಂದಿನ ಸಲ ಮಿಲ್ಖಾ ಸಿಂಗ್ ಬರುತ್ತಾರೆ. ಕೆಡುತ್ತಿರುವವರನ್ನು ಗುರುತಿಸುವುದು ಸುಲಭ. ‘ಕೊನೆಯದಾಗಿ’ ಎಂಬ ಮಾತನ್ನು ಒಂದಕ್ಕಿಂತ ಹೆಚ್ಚು ಸಲ ಆಡಿದರೆ ಅವರು ಕೈತಪ್ಪಿದರೆಂದೇ ತಿಳಿಯಬೇಕು. ಮೈಕಿನ ಕುತ್ತಿಗೆಯನ್ನು ಕೈಯಲ್ಲಿ ಹಿಡಿದುಕೊಂಡರಂತೂ ಮಕ್ಕಳನ್ನು ಕೂರಿಸಿಬಿಡುವುದು ಒಳ್ಳೆಯದು.

ಕೆಡದೆ ಉಳಿದವರಿಗೆ ಸಿಗುವ ಮನ್ನಣೆ ಮಿತವಾದದ್ದು. ಆಡಳಿತ ಮಂಡಳಿಯ ಸಭೆಯಲ್ಲಿ ಮುಂದಿನ ವರ್ಷದ ಅತಿಥಿ ಯಾರೆಂಬ ಪ್ರಶ್ನೆ ಬಂದಾಗ ಮಕ್ಕಳ ಪರವಾಗಿ ಪಿ.ಟಿ. ಮೇಷ್ಟ್ರು ಡಿಪೋ ಮ್ಯಾನೇಜರರ ಹೆಸರು ಹೇಳುತ್ತಾರೆ. ‘ಅವರು ಏನೂ ತಯಾರಿ ಮಾಡಿಕೊಂಡು ಬಂದಿರಲಿಲ್ಲವಲ್ಲ’ ಎಂದು ಅಧ್ಯಕ್ಷರು ತಳ್ಳಿಹಾಕುತ್ತಾರೆ. ಹಾರ, ಪೇಟ, ಹಣ್ಣಿನ ಬುಟ್ಟಿಗೆ ಆದ ಖರ್ಚನ್ನು ಎರಡು ನಿಮಿಷದಿಂದ ಭಾಗಿಸಿ ನೋಡಿದ ಖಜಾಂಚಿ ಅಧ್ಯಕ್ಷರ ಮಾತನ್ನು ಅನುಮೋದಿಸುತ್ತಾರೆ. ಕೊನೆಗೆ ಶಾಸಕರನ್ನೇ ಕರೆಯುವುದೆಂದೂ, ಅವರು ಬಾರದಿದ್ದರೆ ಹಿಂದಿನ ರಾತ್ರಿ ಎಂಟೂವರೆಗೆ ಡಿಪೋಗೆ ಫೋನ್ ಮಾಡುವುದೆಂದೂ ನಿರ್ಣಯವಾಗುತ್ತದೆ.