ಕಾಫಿ ಈಗ್ಲೇ ಹಾಕ್ಲಾ?

ಬೆಂಗಳೂರಿನ ಯಾವ ದರ್ಶಿನಿಗೆ ಹೋದರೂ ಗಲ್ಲಾದ ಹಿಂದೆ ಒಬ್ಬರು ಭಟ್ರು ಇದ್ದೇ ಇರುತ್ತಾರೆ. ಅವರು ಭಟ್ಟರೇ ಆಗಿರಬೇಕೆಂದೇನಿಲ್ಲ. ಶೆಟ್ಟರಿರಬಹುದು, ಗೌಡರಿರಬಹುದು, ಬಿಹಾರದಿಂದ ಬಂದು ಇಡ್ಲಿ ಕಣ್ಣಿಗೆ ಬೀಳುವ ಮೊದಲೇ 'ಡಿಪ್ಪಾ, ಸಪ್ರೇಟಾ' ಕಲಿತ ಹುಡುಗನೂ ಇರಬಹುದು. ಆ ಕುರ್ಚಿಯಲ್ಲಿ ಕೂತವರೆಲ್ಲ ಭಟ್ರೇ. ಹಣೆಯಲ್ಲಿ ಕುಂಕುಮ, ಬಲಗೈ ಬಿಲ್ಲಿಂಗ್ ಮೆಷಿನ್ ಮೇಲೆ, ಎಡಗೈ ಚಿಲ್ಲರೆ ಬಟ್ಟಲಲ್ಲಿ, ಒಂದು ಕಣ್ಣು ಗಿರಾಕಿಯ ಮೇಲೆ, ಇನ್ನೊಂದು ವಡೆ ಬಾಣಲೆಯ ಮೇಲೆ.

ನಮ್ಮ ಏರಿಯಾದ ಭಟ್ರು ಮಾತ್ರ ನಿಜವಾಗಿಯೂ ಭಟ್ರು, ಕುಂದಾಪುರದ ಕಡೆಯವರು. "ನೀವು ಒಳ್ಳೇ ಸೇಲ್ಸ್‌ಮನ್ ಭಟ್ರೇ" ಅಂದರೆ ಮುಖ ಸಿಂಡರಿಸುತ್ತಾರೆ. "ನಾನೆಂತ ಮಾರೂದು ಮಾರಾಯ್ರೆ? ಅವರೇ ತಕೊಳ್ಳೂದು." ನಾನು ಎಷ್ಟೋ ಬೆಳಿಗ್ಗೆ ಗಲ್ಲಾದ ಎದುರಿನ ಕಂಬಕ್ಕೆ ಒರಗಿ ಕಾಫಿ ಕುಡಿದವನು. ಎರಡು ಇಡ್ಲಿಗೆಂದು ಬಂದವರು ಇಡ್ಲಿ, ವಡೆ, ಕಾಫಿ ಮೂರನ್ನೂ ಬಿಲ್ ಮಾಡಿಸಿಕೊಂಡು, ಅದು ತಮ್ಮದೇ ಐಡಿಯಾ ಎಂಬ ಸಂತೋಷದಲ್ಲಿ ಹೋಗುವುದನ್ನು ದಿನಾ ನೋಡುತ್ತೇನೆ.

ಹಳೇ ಹೋಟೆಲುಗಳಲ್ಲಿ ಈ ಕೆಲಸ ಮಾಣಿಯದಾಗಿತ್ತು. ನೀವು ಕೂತ ತಕ್ಷಣ ಅವನು ಬಂದು, ಇಡ್ಲಿ ವಡೆ ದೋಸೆ ಪೂರಿ ಉಪ್ಪಿಟ್ಟು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದ. ತಿಂದಾದ ಮೇಲೆ ಮತ್ತೆ ಬಂದು "ಇನ್ನೇನ್ ಕೊಡ್ಲಿ?" ಎನ್ನುತ್ತಿದ್ದ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಗಿ, ನಿಂತೇ ತಿನ್ನುವ ಪದ್ಧತಿ ಊರೆಲ್ಲ ಹಬ್ಬಿದ ಮೇಲೆ ಮಾಣಿಗೆ ಅಲ್ಲಿ ಕೆಲಸವಿಲ್ಲದಂತಾಯಿತು. ಮೊದಲು ದುಡ್ಡು, ಆಮೇಲೆ ಚೀಟಿ, ಆ ಚೀಟಿಯನ್ನು ಒಳಗಿನವನ ಕೈಗೆ ಕೊಟ್ಟರೆ ಅವನು ಮೊಳೆಗೆ ಚುಚ್ಚಿ ತಟ್ಟೆ ತಳ್ಳುತ್ತಾನೆ. ಅಲ್ಲಿಗೆ ಮುಗಿಯಿತು. ನಿಮ್ಮನ್ನು "ಇನ್ನೇನು?" ಎಂದು ಕೇಳುವವರು ಆ ಕಟ್ಟಡದಲ್ಲಿ ಇನ್ನು ಯಾರೂ ಇಲ್ಲ. ಕೇಳುವುದಿದ್ದರೆ ಗಲ್ಲಾದಲ್ಲೇ, ಬಿಲ್ ಹೊರಬೀಳುವ ಮೊದಲೇ ಕೇಳಬೇಕು.

ಭಟ್ರ ಮಾತುಗಳು ಬಹಳ ಸಣ್ಣವು. ಅವರು "ಇನ್ನೇನಾದ್ರೂ ಬೇಕಾ?" ಎಂದು ಕೇಳಿದ್ದನ್ನು ನಾನು ಕೇಳಿಲ್ಲ. ಆ ಪ್ರಶ್ನೆಗೆ ಮನುಷ್ಯರ ಬಾಯಲ್ಲಿ "ಸಾಕು" ಎಂಬ ಉತ್ತರ ರೆಡಿಯಾಗಿಯೇ ಇರುತ್ತದೆ. ಅದಕ್ಕೆ ಯೋಚನೆಯೇ ಬೇಕಿಲ್ಲ. ಭಟ್ರು ಒಂದೇ ಪದಾರ್ಥದ ಹೆಸರು ಹೇಳುತ್ತಾರೆ. "ವಡೆ ಈಗಷ್ಟೇ ಇಳೀತು." ಇದರಲ್ಲಿ ಪ್ರಶ್ನೆಯೂ ಇಲ್ಲ ನೋಡಿ, ಬರೀ ಸಮಾಚಾರ. ಸಮಾಚಾರಕ್ಕೆ ಬೇಡ ಅನ್ನಬೇಕಾದ ಮುಜುಗರವಿಲ್ಲ. ಬೇಕಾದವನು "ಹಾಕಿ ಒಂದು" ಅನ್ನುತ್ತಾನೆ, ಬೇಡವಾದವನು ಸುಮ್ಮನಿರುತ್ತಾನೆ. ಸುಮ್ಮನಿದ್ದವನನ್ನು ಭಟ್ರು ಎರಡನೇ ಸಲ ಕೇಳುವುದಿಲ್ಲ, ಮುಖವನ್ನೂ ದಪ್ಪ ಮಾಡುವುದಿಲ್ಲ. ಬೆರಳು ಆಗಲೇ ಮುಂದಿನ ಗುಂಡಿಯ ಮೇಲಿರುತ್ತದೆ.

ಖಾರಾಬಾತೋ ಕೇಸರಿಬಾತೋ ಎಂದು ಬೋರ್ಡು ನೋಡುತ್ತ ನಿಂತವರಿಗೆ ಅವರ ಬಳಿ ಬೇರೆ ಮದ್ದುಂಟು. "ಚೌಚೌ ಹಾಕ್ತೇನೆ, ಎರಡೂ ಬರ್ತದೆ." ಗಿರಾಕಿಯ ಮುಖ ನೋಡಬೇಕು ಆಗ! ಕೋರ್ಟಿನಲ್ಲಿ ರಾಜಿಯಾದ ಹಾಗೆ ಅರಳುತ್ತದೆ. ಜೇಬಿನಿಂದ ಇಪ್ಪತ್ತೋ ಮೂವತ್ತೋ ಹೆಚ್ಚು ಹೋಗಿರುತ್ತದೆ ಎಂಬುದು ಆ ಗಳಿಗೆಯಲ್ಲಿ ಹೊಳೆಯುವುದಿಲ್ಲ, ಹೊಳೆದರೂ ಬೇಸರವಾಗುವುದಿಲ್ಲ. ಸಂಕಟ ಅವನದೇ ಆಗಿತ್ತು, ಭಟ್ರು ಬಗೆಹರಿಸಿದರು, ಅಷ್ಟೇ.

ಅವರ ಮಾತುಗಳಲ್ಲೆಲ್ಲ ರಾಜ ಅನ್ನಬೇಕಾದ್ದು "ಕಾಫಿ ಈಗ್ಲೇ ಹಾಕ್ಲಾ?" ಎಂಬುದು. ಅದರ ಜೀವ ಇರುವುದು 'ಈಗ್ಲೇ' ಎಂಬಲ್ಲಿ. ನೀವು ಇಡ್ಲಿ ತಿಂದ ಮೇಲೆ ಕಾಫಿ ಕುಡಿಯುವವರೇ, ಅದು ನಿಮಗೂ ಗೊತ್ತು, ಅವರಿಗೂ ಗೊತ್ತು. ಈಗ ಹಾಕಿಸದಿದ್ದರೆ ಸಾಂಬಾರು ಮೆತ್ತಿದ ಕೈ ತೊಳೆದು, ಮತ್ತೆ ಇದೇ ಕ್ಯೂನ ಬಾಲ ಹಿಡಿಯಬೇಕು. ಕ್ಯೂ ನೋಡಿದ ಎಷ್ಟೋ ಮಂದಿ "ಆಫೀಸಲ್ಲೇ ಕುಡಿದರಾಯ್ತು" ಎಂದು ಹೊರಟುಬಿಡುತ್ತಾರೆ. ಹಾಗಾಗಿ ಭಟ್ರು ಮಾರುತ್ತಿರುವುದು ಕಾಫಿಯನ್ನಲ್ಲ, ಎರಡನೇ ಸಲ ಕ್ಯೂ ನಿಲ್ಲದಿರುವ ಭಾಗ್ಯವನ್ನು.

ಹೀಗೆ ನಡೆಯುತ್ತಿರುವಾಗ ಮಾಲೀಕರ ಮಗ ಎಂಬಿಎ ಮುಗಿಸಿ ಬಂದ. ಬಂದವನೇ ಲ್ಯಾಮಿನೇಟ್ ಮಾಡಿಸಿದ ಒಂದು ಹಾಳೆಯನ್ನು ಗಲ್ಲಾದ ಒಳಗಡೆ ಅಂಟಿಸಿದ. "ಶುಭೋದಯ ಸಾರ್, ನಮ್ಮ ಇಂದಿನ ವಿಶೇಷ ಗರಿಗರಿಯಾದ ಉದ್ದಿನ ವಡೆಯನ್ನು ಸವಿಯಲು ಇಚ್ಛಿಸುವಿರಾ?" ಪ್ರತಿಯೊಬ್ಬ ಗಿರಾಕಿಗೂ ಇದನ್ನು ಹೇಳಲೇಬೇಕು, ಒಬ್ಬರನ್ನೂ ಬಿಡುವಂತಿಲ್ಲ ಎಂದು ಕಟ್ಟಪ್ಪಣೆಯಾಯಿತು. ಭಟ್ರು ರಜೆಯ ಮೇಲೆ ಊರಿಗೆ ಹೋದ ವಾರ ಗಲ್ಲಾದಲ್ಲಿ ಹೊಸ ಹುಡುಗ ಕೂತಿದ್ದ. ಬರೀ ಒಂದು ಕಾಫಿ ಕೇಳಿದ ಹೆಂಗಸಿಗೂ ವಡೆ ಇಚ್ಛಿಸುವಿರಾ, ಮೂರು ವಡೆ ಕೇಳಿದವನಿಗೂ ವಡೆ ಇಚ್ಛಿಸುವಿರಾ. ಫೋನಿನಲ್ಲಿ ಜಗಳವಾಡುತ್ತಲೇ ಬೆರಳಲ್ಲಿ ಎರಡು ಎಂದು ತೋರಿಸಿದವನಿಗೂ ಪೂರ್ತಿ ವಾಕ್ಯ. ಅವನು ಫೋನಿನಲ್ಲಿದ್ದವರಿಗೆ ಹೇಳಬೇಕಾದ್ದನ್ನು ಹುಡುಗನಿಗೇ ಹೇಳಿದ.

ಊರಿಂದ ಬಂದ ಭಟ್ರು ಹಾಳೆ ಓದಿ ನಗಲಿಲ್ಲ. ಹನ್ನೊಂದು ಗಂಟೆಗೆ ಜನ ಕರಗಿದ ಮೇಲೆ ಹುಡುಗನನ್ನೂ ಮಾಲೀಕರ ಮಗನನ್ನೂ ಕೂರಿಸಿಕೊಂಡು, ಬಿಲ್ ರೋಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಅದನ್ನು ಇಲ್ಲಿ ಕೊಟ್ಟೇಬಿಡುತ್ತೇನೆ, ಏಕೆಂದರೆ ಎಂಬಿಎ ಹುಡುಗ ಅವತ್ತು ಬಾಯಿ ಬಿಡಲಿಲ್ಲ.

ಎಂಟರಿಂದ ಒಂಬತ್ತೂವರೆ ರಶ್ಶಿನ ಹೊತ್ತು. ಒಂದು ಬಿಲ್ಲಿಗೆ 12 ಸೆಕೆಂಡ್ ಅಂತ ಇಟ್ಟುಕೊಂಡರೆ ನಿಮಿಷಕ್ಕೆ 5, ಒಂದೂವರೆ ಗಂಟೆಗೆ 450 ಬಿಲ್. ಈ 'ಇಚ್ಛಿಸುವಿರಾ' ಹೇಳಿ, ಗಿರಾಕಿ ತಬ್ಬಿಬ್ಬಾಗಿ "ಆಂ?" ಅಂದು, ಉತ್ತರ ಕೊಡುವುದಕ್ಕೆ ಇನ್ನು 3 ಸೆಕೆಂಡ್ ಸೇರಿತು. ಆಗ ನಿಮಿಷಕ್ಕೆ 4, ಒಟ್ಟು 360. ಹತ್ತರಲ್ಲಿ ಒಬ್ಬ ವಡೆ ಹಾಕಿಸಿಕೊಂಡ ಅನ್ನಿ, 36 ವಡೆ, ಮೂವತ್ತು ರೂಪಾಯಿಯಂತೆ 1,080 ಹೆಚ್ಚು ಬಂತು. ಕ್ಯೂ ಉದ್ದ ನೋಡಿ ಎದುರಿನ ಹೋಟೆಲಿಗೆ ಹೋದವರು 90 ಜನ. ತಲೆಗೆ ಅರವತ್ತು ರೂಪಾಯಿ ಹಿಡಿದರೆ 5,400 ಕೈಬಿಟ್ಟಿತು.

"ಹಾಗಾದ್ರೆ ರಶ್ಶಲ್ಲಿ ಏನೂ ಕೇಳ್ಬಾರ್ದಾ?" ಅಂದ ಹುಡುಗ.

"ಕಾಫಿ ಒಂದು ಕೇಳು. ಬರೀ 'ಕಾಫಿ?' ಅಷ್ಟೇ, ಒಂದು ಸೆಕೆಂಡ್. ಹತ್ತು ಜನರನ್ನು ಕೇಳಿದ್ರೆ ಹತ್ತು ಸೆಕೆಂಡ್ ಹೋಯ್ತು. ಅದ್ರಲ್ಲಿ ಇಬ್ಬರು ಕಾಫಿಗೆ ಮತ್ತೆ ಕ್ಯೂ ನಿಲ್ಲುವವರು ಉಂಟಲ್ಲ, ಅವರ ಇಪ್ಪತ್ನಾಲ್ಕು ಸೆಕೆಂಡ್ ಉಳೀತು. ಉಳಿದದ್ದು ಎಷ್ಟು?"

ವಡೆಯ ಮಾತು ಏಳೂವರೆಗೆ ಮೊದಲು, ಹತ್ತರ ನಂತರ. ಅದೂ ಬಾಣಲೆಯಿಂದ ಇಳಿದಾಗ ಮಾತ್ರ. ಒಳಗಿನವನು ಜಾಲರಿ ಸೌಟನ್ನು ತಟ್ಟೆಯ ಅಂಚಿಗೆ ಎರಡು ಸಲ ಬಡಿಯುತ್ತಾನೆ, ಅದೇ ಸಿಗ್ನಲ್. ಆ ಸದ್ದಾಗಿ ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಭಟ್ರು ವಡೆಯ ಸುದ್ದಿ ಎತ್ತುವುದಿಲ್ಲ. ಆರಿದ ವಡೆಯ ಹೊರಮೈ ನಾರಿನ ಹಾಗಾಗುತ್ತದೆ, ಎಣ್ಣೆ ನಾಲಗೆಗೆ ಹತ್ತುತ್ತದೆ. ಯಾರಾದರೂ ತಾವೇ ಕೇಳಿದರೆ "ಬಿಸಿ ಇಲ್ಲ ಸಾರ್, ಸಾಂಬಾರಲ್ಲಿ ಡಿಪ್ ಮಾಡಿಸ್ಕೊಳ್ಳಿ" ಅನ್ನುತ್ತಾರೆ. ಮನೆಗೆ ಮಸಾಲೆದೋಸೆ ಪಾರ್ಸೆಲ್ ಕೇಳಿದವರಿಗೆ "ಹೋಗುವಷ್ಟರಲ್ಲಿ ಮೆತ್ತಗಾಗ್ತದೆ, ಇಡ್ಲಿ ತಕೊಳ್ಳಿ" ಎಂದು ಕಡಿಮೆ ಬಿಲ್ಲಿನ ದಾರಿ ತೋರಿಸಿದ್ದನ್ನೂ ನೋಡಿದ್ದೇನೆ. ಮಾಲೀಕರ ಮಗ ಇದನ್ನು ನೋಡಿ ಎದೆ ಹಿಡಿದುಕೊಂಡ. ಆದರೆ ಹಾಗೆ ಹೇಳುವ ಬಾಯಿ "ವಡೆ ಈಗಷ್ಟೇ ಇಳೀತು" ಅಂದಾಗ ಯಾರೂ ಅನುಮಾನಿಸುವುದಿಲ್ಲ. ಇದೇ ಕಾರಣಕ್ಕೆ, ಮಧ್ಯಾಹ್ನ ಉಳಿದ ಕೇಸರಿಬಾತನ್ನು ಮುಗಿಸಿಕೊಡಿ ಎಂದು ಅಡುಗೆಯವರು ಸನ್ನೆ ಮಾಡಿದರೂ ಭಟ್ರು ಗೋಡೆ ಗಡಿಯಾರ ನೋಡುತ್ತಾರೆ.

ಕೇಳದೇ ಬಿಡಬೇಕಾದವರೂ ಉಂಟು. ಅಂಗೈಯಲ್ಲಿ ಎಣಿಸಿಟ್ಟ ಚಿಲ್ಲರೆ ಹಿಡಿದು ಬರುವ ಮುದುಕರು ಲೆಕ್ಕ ಮುಗಿಸಿಯೇ ಮನೆ ಬಿಟ್ಟಿರುತ್ತಾರೆ. ಮೊಬೈಲಿನಲ್ಲಿ ಮೊತ್ತ ಒತ್ತಿ ಆದವರನ್ನೂ ಕೇಳಬಾರದು. ಒಮ್ಮೆ ಗಲ್ಲಾದ ಡಬ್ಬಿ "ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಲೋಕಕ್ಕೆಲ್ಲ ಸಾರಿದ ಮೇಲೆ ವಡೆ ಅಂದರೆ ಮತ್ತೆ ಸ್ಕ್ಯಾನು, ಮತ್ತೆ ಪಿನ್ನು, ಹಿಂದೆ ನಿಂತವರ ನಿಟ್ಟುಸಿರು. ಅಂದಹಾಗೆ ಈ ಡಬ್ಬಿ ಬಂದು ಒಂದು ಪುಣ್ಯದ ಕೆಲಸವಾಗಿದೆ. ಚಿಲ್ಲರೆ ಇಲ್ಲ ಎಂದು ಕೈಗೆ ಎರಡು ಚಾಕ್ಲೇಟ್ ತುರುಕುವ ಪರಿಪಾಠ ಹೆಚ್ಚುಕಡಿಮೆ ನಿಂತಿದೆ. ಅದೂ ಒಂದು ಪದಾರ್ಥ ಹೆಚ್ಚಿಗೆ ಮಾರುವ ವಿದ್ಯೆಯೇ, ಗಿರಾಕಿಯನ್ನು ಕೇಳುವ ಮರ್ಯಾದೆಯೊಂದು ಅದರಲ್ಲಿರಲಿಲ್ಲ.

ಅದೇ ಜಾತಿಯ ಇನ್ನೊಂದು ರೋಗ ಹೊಸ ಹುಡುಗನಿಗೂ ಅಂಟಿತ್ತು. "ಇಡ್ಲಿ" ಅಂದವರಿಗೆ "ಇಡ್ಲಿ ವಡೆ ತಾನೇ?" ಎನ್ನುತ್ತಲೇ ಬಿಲ್ ಒತ್ತಿಬಿಡುತ್ತಿದ್ದ. ಸಂಜೆಯ ರಿಪೋರ್ಟಿನಲ್ಲಿ ವಡೆ ಜಿಗಿದದ್ದು ಕಂಡು ಮಾಲೀಕರ ಮಗ ಶಹಭಾಸ್ ಅಂದ. ಭಟ್ರು ರಿಪೋರ್ಟ್ ನೋಡಲಿಲ್ಲ, ತಟ್ಟೆ ತೊಳೆಯುವಲ್ಲಿಗೆ ಹೋಗಿ ಟಬ್ಬು ನೋಡಿದರು. ಅರ್ಧ ತಿಂದು ಬಿಟ್ಟ ವಡೆಗಳು ತೇಲುತ್ತಿದ್ದವು. ಮಾರನೇ ದಿನದಿಂದ ಹುಡುಗ ಮೊದಲು ಕೇಳುತ್ತಾನೆ, ಉತ್ತರ ಬಂದ ಮೇಲೆ ಒತ್ತುತ್ತಾನೆ. ಹಾಳೆ ಮಾತ್ರ ಇನ್ನೂ ಅಲ್ಲೇ ಇದೆ, ಅದರ ಮೇಲೆ ಭಟ್ರು ದೇವರ ಫೋಟೋ ಇಟ್ಟಿದ್ದಾರೆ.

ಮೊನ್ನೆ ಭಟ್ರು ಮಗಳ ಮದುವೆಗೆಂದು ಬೂಟು ಕೊಳ್ಳಲು ಮಾಲಿಗೆ ಹೋಗಿದ್ದರಂತೆ. ಅಲ್ಲಿಯ ಹುಡುಗಿ ಬಿಲ್ ಹಾಕುತ್ತ ಸಾಕ್ಸು, ಪಾಲಿಶ್, ಬ್ರಶ್ಶು, ಬೆಲ್ಟು, ವಾಸನೆ ಹೋಗುವ ಸ್ಪ್ರೇ, ಮೆಂಬರ್‌ಶಿಪ್ ಕಾರ್ಡು, ಕೊನೆಗೆ ಯಾವುದೋ ಅನಾಥಾಶ್ರಮಕ್ಕೆ ಹತ್ತು ರೂಪಾಯಿ ಎಂದು ಒಂದೇ ಸಮ ಓದಿದಳಂತೆ. ಭಟ್ರು ಎಲ್ಲಕ್ಕೂ ಬೇಡ ಬೇಡ ಅನ್ನುತ್ತ ಬೆವರೊರೆಸಿಕೊಂಡು ಹೊರಗೆ ಬಂದರು.

"ಬಸ್ಸು ಹತ್ತಿದ ಮೇಲೆ ನೆನಪಾಯ್ತು ಮಾರಾಯ್ರೆ," ಅಂದರು ನನಗೆ ಚಿಲ್ಲರೆ ಕೊಡುತ್ತ. "ಪಾಲಿಶ್ ಬೇಕಿತ್ತು ನಂಗೆ."