ಭಾವನವರ ಸಸ್ಪೆನ್ಸ್ ಖಾತೆ

ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆ ಅಂತ ಒಂದಿರುತ್ತದೆ. ಯಾವ ಲೆಕ್ಕಕ್ಕೂ ಸೇರದ ಮೊತ್ತವನ್ನು ಸದ್ಯಕ್ಕೆ ಅಲ್ಲಿಗೆ ತಳ್ಳಿ, ಆಮೇಲೆ ಹುಡುಕಿ ಸರಿಮಾಡುತ್ತಾರೆ. ನಮ್ಮ ಭಾವನವರು 34 ವರ್ಷ ಗುಮಾಸ್ತರಾಗಿದ್ದವರು. ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಎಂಟರವರೆಗೆ ಕೂತು ಟ್ಯಾಲಿ ಮಾಡಿಯೇ ಎದ್ದವರು. ಅಂಥವರು ತಮ್ಮ ಮೂಲವ್ಯಾಧಿಯನ್ನು ಮಾತ್ರ ಎರಡು ವರ್ಷ ಸಸ್ಪೆನ್ಸ್ ಖಾತೆಯಲ್ಲೇ ಮುಚ್ಚಿಟ್ಟರು.

ಸುಳಿವುಗಳಿಗೇನೂ ಬರವಿರಲಿಲ್ಲ. ಬಿಳಿ ಪಂಚೆಯಿಂದ ಕಡುನೀಲಿ ಲುಂಗಿಗೆ ಬದಲಾದರು. ಪೇಪರು ಹಿಡಿದು ಕಕ್ಕಸಿಗೆ ಹೋದರೆ ಸಂಪಾದಕೀಯದಿಂದ ಟೆಂಡರ್ ನೋಟೀಸಿನವರೆಗೆ ಓದಿಯೇ ಹೊರಬರುತ್ತಿದ್ದರು. ಧರ್ಮಸ್ಥಳಕ್ಕೆ ಹೊರಟ ವ್ಯಾನಿನಲ್ಲಿ "ನನಗೆ ವಾಂತಿ ಆಗುತ್ತೆ" ಎಂದು ತಪ್ಪಿಸಿಕೊಂಡರು. ಮಗನಿಗೆ ಅಪ್ಪ ಷೇರಿನಲ್ಲಿ ದುಡ್ಡು ಕಳೆದಿದ್ದಾರೆ ಎಂಬ ಗುಮಾನಿ. ಸೊಸೆಗೆ ಮಾವ ತನ್ನ ಮೇಲೆ ಮುನಿಸಿಕೊಂಡಿದ್ದಾರೆ ಎಂಬ ಚಿಂತೆ. ಅಕ್ಕನಿಗೆ ಮಾತ್ರ ಖುಷಿ, ಏಕೆಂದರೆ ಸುವರ್ಣಗೆಡ್ಡೆ ಎಂದರೆ ಮುಖ ಸಿಂಡರಿಸುತ್ತಿದ್ದ ಗಂಡ ಈಗ ವಾರಕ್ಕೆ ಮೂರು ಸಲ ಅದರದ್ದೇ ಪಲ್ಯ ಕೇಳುತ್ತಿದ್ದರು! ಆ ಗೆಡ್ಡೆಗೆ ಸಂಸ್ಕೃತದಲ್ಲಿ 'ಅರ್ಶೋಘ್ನ', ಅಂದರೆ ಮೂಲವ್ಯಾಧಿ ನಾಶಕ, ಎಂಬ ಹೆಸರಿದೆ ಎಂದು ಪಾಪ ಅವಳಿಗೇನು ಗೊತ್ತು.

ಗುಟ್ಟು ರಟ್ಟಾದದ್ದು ಸತ್ಯನಾರಾಯಣ ಪೂಜೆಯ ದಿನ. ಎರಡು ದಿನ ಮೊದಲು ಭಾವನವರು ಕಕ್ಕಸಿನಲ್ಲಿ ತಿಣುಕಿ ತಿಣುಕಿ ಎದ್ದಿದ್ದರು. ಅಂದು ಸಂಜೆಯೇ ನೇರಳೆ ಹಣ್ಣಿನಷ್ಟು ಗಂಟೊಂದು ಹೊರಗೆ ಬಂದು ಕೂತಿತ್ತು. ಪುರೋಹಿತರು "ಯಜಮಾನರು ಮಣೆ ಮೇಲೆ ಕೂತ್ಕೊಳ್ಳಿ" ಎಂದರು. ಕೂತರು. ಮೊದಲನೇ ಅಧ್ಯಾಯದಲ್ಲಿ ಎಡಕ್ಕೆ ವಾಲಿದರು, ಎರಡನೆಯದರಲ್ಲಿ ಬಲಕ್ಕೆ. ಮೂರನೆಯದರಲ್ಲಿ "ಅಯ್ಯಮ್ಮಾ" ಎಂದು ಎದ್ದು ನಿಂತರು. ಅಕ್ಕ ದೇವರು ಮೈಮೇಲೆ ಬಂತೆಂದು ಕೈ ಮುಗಿದಳು. ಭಾವನವರು ನನ್ನ ಕಿವಿಯಲ್ಲಿ "ಆಟೋ ಕರಿ ಮಾರಾಯ, ನಿಂತು ಹೋಗೋ ಆಟೋ ಇದ್ರೆ ನೋಡು" ಎಂದರು.

ಆಸ್ಪತ್ರೆಯಲ್ಲಿದ್ದ ಸರ್ಜನ್ ಸೊಸೆಯ ವಯಸ್ಸಿನ ಹೆಣ್ಣುಮಗಳು. ಭಾವನವರು ಬಾಗಿಲಲ್ಲೇ ತಿರುಗಿ ನಿಂತರು. ನಾನು ತೋಳು ಹಿಡಿದು ಒಳಗೆ ನೂಕಿದೆ. ಎಡಮಗ್ಗುಲಿಗೆ ಮಲಗಿಸಿ, ಮೊಣಕಾಲು ಎದೆಗೆ ಮಡಿಸಿ, ಆಕೆ ಪರೀಕ್ಷೆ ಮುಗಿಸಿದ್ದು ಐದೇ ನಿಮಿಷದಲ್ಲಿ. ಎರಡು ವರ್ಷದ ನಾಚಿಕೆಗೆ ಐದು ನಿಮಿಷದ ಇತ್ಯರ್ಥ.

"ಈ ನೋವು ಎಷ್ಟು ದಿನದಿಂದ ಸರ್?"

"ಮೂರನೇ ದಿನ ಮೇಡಂ."

"ರಕ್ತ?"

ಭಾವನವರು ಗೋಡೆಯ ಕ್ಯಾಲೆಂಡರು ನೋಡಿದರು. "ಎರಡು... ವರ್ಷ ಆಗಿರಬಹುದು."

ಮೇಡಂ ಪೆನ್ನು ಕೆಳಗಿಟ್ಟರು. ನನಗೂ ಬುದ್ಧಿ ಬಂದದ್ದು ಆಗಲೇ. ಹೊರಗಿನ ಗಂಟು ಅಂಚಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಆದದ್ದು. ಅಲ್ಲಿನ ಚರ್ಮಕ್ಕೆ ನೋವಿನ ನರಗಳಿರುವುದರಿಂದ ಪ್ರಾಣ ಹಿಂಡುತ್ತದೆ. ಆದರೆ ಅಪಾಯ ಕಡಿಮೆ, ಸುಮ್ಮನೆ ಬಿಟ್ಟರೂ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಎರಡು ವರ್ಷ ರಕ್ತ ಸುರಿಸಿದ್ದು ಒಳಗಿನ ಮೂಲವ್ಯಾಧಿ ಇರಬಹುದು. ಅಲ್ಲಿ ಅಂಥ ನರಗಳಿಲ್ಲ, ಹಾಗಾಗಿ ನೋವೇ ಇಲ್ಲದೆ ತೊಟ್ಟಿಕ್ಕುತ್ತದೆ. "ಇರಬಹುದು" ಎಂದದ್ದನ್ನು ಮೇಡಂ ಒತ್ತಿ ಹೇಳಿದರು. ಕರುಳಿನ ಕ್ಯಾನ್ಸರೂ ನೋವಿಲ್ಲದೆ ಹೀಗೇ ರಕ್ತ ತೋರಿಸಬಲ್ಲದು. 64ರ ವಯಸ್ಸಿನಲ್ಲಿ ನೋಡದೆ ಮೂಲವ್ಯಾಧಿ ಎಂದು ಮೊಹರು ಒತ್ತುವಂತಿಲ್ಲ.

ಅಂದರೆ ಭಾವನವರು ಬಚ್ಚಿಟ್ಟದ್ದು ಹೆದರಬೇಕಾದ ಬಾಬತ್ತನ್ನು, ಹೆದರಿ ಓಡಿಬಂದದ್ದು ಅಷ್ಟೇನೂ ಹೆದರಬೇಕಿಲ್ಲದ್ದಕ್ಕೆ. ಆ ನೇರಳೆ ಹಣ್ಣಿಗೆ ನಾವೆಲ್ಲ ಕಾಯಿ ಒಡೆಯಬೇಕಿತ್ತು.

ಗಂಟು ಮೂರು ದಿನದೊಳಗಿನದಾದ್ದರಿಂದ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅಲ್ಲೇ ತೆಗೆದರು. ಹಿಮೋಗ್ಲೋಬಿನ್ ನೋಡಿದರೆ 9. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದದ್ದು ವಯಸ್ಸಿನಿಂದಲ್ಲ ಎಂದಾಯಿತು. ಮುಂದಿನ ವಾರ ಕೊಲೊನೋಸ್ಕೋಪಿ ಮಾಡಿ, ಕರುಳು ಚೊಕ್ಕವಾಗಿದೆ ಎಂದರು. ಆಮೇಲೆ ಒಳಗಿನ ಉಬ್ಬಿನ ಬುಡಕ್ಕೆ ಪುಟಾಣಿ ರಬ್ಬರ್ ಬ್ಯಾಂಡು ಬಿಗಿದರು. ರಕ್ತ ಸಿಗದೆ ಅದು ಬಾಡಿ, ಕೆಲವು ದಿನದಲ್ಲಿ ತಾನೇ ಉದುರುತ್ತದೆ. "ನೋಟಿನ ಕಟ್ಟಿಗೆ ಹಾಕೋ ಹಾಗೇನಾ?" ಎಂದು ಭಾವನವರು ಕೇಳಿದ್ದಕ್ಕೆ ಮೇಡಂ ನಕ್ಕರು. ಮನೆಗೆ ಕೊಟ್ಟ ಪಥ್ಯ ಇಷ್ಟೇ: ನೀರು, ಸೊಪ್ಪು, ರಾತ್ರಿ ಇಸಬಗೋಲ್, ಬೆಚ್ಚನೆ ನೀರಿನ ಟಬ್ಬಿನಲ್ಲಿ ಹತ್ತು ನಿಮಿಷ, ಮತ್ತು ಪೇಪರು ಹಾಲ್‌ನಲ್ಲಿ.

ಅಕ್ಕ ಎಲ್ಲ ಕೇಳಿದ ಮೇಲೆ ಒಂದೇ ಮಾತು ಅಂದಳು: "ರೀ, ಹಾಗಾದ್ರೆ ನನ್ನ ಪಲ್ಯ ಚೆನ್ನಾಗಿರ್ಲಿಲ್ವಾ?"

ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ಭಾವನವರೊಂದಿಗೆ ಬ್ಯಾಂಕಿಗೆ ಹೋಗಿದ್ದೆ. ಹಳೆಯ ಸಹೋದ್ಯೋಗಿಗಳೆಲ್ಲ ಸೇರಿದ್ದರು. ಕುರ್ಚಿಗಳು ಖಾಲಿ ಇದ್ದರೂ ಇಬ್ಬರು ನಿಂತೇ ಇದ್ದರು, ಒಬ್ಬರು ಅರ್ಧವಷ್ಟೇ ಕೂತಿದ್ದರು. ಭಾವನವರು ಆ ಅರ್ಧ ಕೂತವರ ಪಕ್ಕ ಪೂರ್ತಿ ಕೂತು, ಮೆಲ್ಲಗೆ ಕೇಳಿದರು: "ಎಷ್ಟು ವರ್ಷದ್ದು?"