ಹಾಜರಾತಿ ಶಾಸ್ತ್ರ ಪ್ರವೇಶ

ಮಾನ್ಯ ಪ್ರಾಂಶುಪಾಲರೇ, ಗುರುವೃಂದವೇ, ಕರಿ ಕೋಟಿನ ಮಡಿಕೆ ಇನ್ನೂ ಬಿಚ್ಚದ ತಮ್ಮಂದಿರೇ, ತಂಗಿಯರೇ,

ಅಂತಿಮ ವರ್ಷದವರ ಪರವಾಗಿ ನಿಮಗೆ ಸ್ವಾಗತ. ಕಾಂಟ್ರಾಕ್ಟ್ ಪತ್ರಿಕೆಯನ್ನು ಪ್ರತಿ ಹೊಸ ಬ್ಯಾಚಿನ ಜೊತೆಗೂ ಕೂತು ಬರೆಯುತ್ತ ಬಂದವನು ನಾನು. ಮೊದಲ ಸೆಮಿಸ್ಟರಿನ ವಿಷಯದಲ್ಲಿ ಇಷ್ಟು ಅನುಭವ ಈ ವೇದಿಕೆಯ ಮೇಲೆ ಮತ್ಯಾರಿಗೂ ಇಲ್ಲ.

ಸಂವಿಧಾನ, ಟಾರ್ಟು ಇತ್ಯಾದಿಗಳನ್ನು ಗುರುಗಳು ನೋಡಿಕೊಳ್ಳುತ್ತಾರೆ. ನನ್ನ ಕ್ಷೇತ್ರ ಬಾರ್ ಕೌನ್ಸಿಲಿನ 2008ರ ಕಾನೂನು ಶಿಕ್ಷಣ ನಿಯಮಗಳ 12ನೇ ನಿಯಮ. ಪ್ರತಿ ವಿಷಯದಲ್ಲೂ ನಡೆದ ತರಗತಿಗಳ ಪೈಕಿ ಶೇ. 70ಕ್ಕೆ ಹಾಜರಿರಬೇಕು ಎನ್ನುತ್ತದೆ ಅದು. ಅರವತ್ತು ತರಗತಿ ನಡೆದರೆ 42ಕ್ಕೆ ಬಂದರಾಯಿತು, ಉಳಿದ 18 ನಮ್ಮ ಮೂಲಭೂತ ಹಕ್ಕು ಎಂದು ಹೊಸಬರು ಲೆಕ್ಕ ಹಾಕುತ್ತಾರೆ. ಲೆಕ್ಕ ಸರಿ. ಆದರೆ ಛೇದ ನಿಮ್ಮ ಕೈಯಲ್ಲಿಲ್ಲ. ಕೊನೆಯ ವಾರ ಮೇಷ್ಟರಿಗೆ ಪೋರ್ಷನ್ ನೆನಪಾಗಿ ನಾಲ್ಕು ವಿಶೇಷ ತರಗತಿ ತೆಗೆದುಕೊಳ್ಳುತ್ತಾರೆ. ನೀವು ಊರಲ್ಲಿರುತ್ತೀರಿ. 64ಕ್ಕೆ 42 ಅಂದರೆ ಶೇ. 65 ಚಿಲ್ಲರೆ. ಅಲ್ಲಿಗೆ ನೀವು ಕ್ಷಮೆಯ ವಲಯಕ್ಕೆ ಬಂದಿರಿ: ಎಲ್ಲ ವಿಷಯ ಸೇರಿ ಶೇ. 70 ಇದ್ದು, ಅಸಾಧಾರಣ ಕಾರಣವಿದ್ದರೆ ಶೇ. 65ರವರೆಗೆ ಮನ್ನಾ ಮಾಡಬಹುದು. ನಮ್ಮ ಕಾಲೇಜಿನಲ್ಲಿ ಆ ಅಸಾಧಾರಣ ಕಾರಣದ ಹೆಸರು ಟೈಫಾಯ್ಡ್. ಪರೀಕ್ಷೆಗೆ ಹತ್ತು ದಿನ ಮುಂಚೆ ಅದು ಇಡೀ ಹಾಸ್ಟೆಲ್ಲಿಗೆ ಬರುತ್ತದೆ, ಹಾಲ್ ಟಿಕೆಟ್ ಕೈಗೆ ಬಂದ ಸಂಜೆ ವಾಸಿಯಾಗುತ್ತದೆ.

ಇನ್ನು ಪ್ರಾಕ್ಸಿ. ಇದು 1872ರ ಕರಾರು ಕಾಯ್ದೆಯ ಹತ್ತನೇ ಅಧ್ಯಾಯ, ಅಂದರೆ ಏಜೆನ್ಸಿ. ಅದನ್ನು ಕಲಿಸುವುದು ಮುಂದಿನ ಸೆಮಿಸ್ಟರಿನಲ್ಲಿ, ಬೇಕಾಗುವುದು ಮಾತ್ರ ಇದರಲ್ಲೇ. ಏಜೆಂಟನನ್ನು ನೇಮಿಸಲು ಪ್ರತಿಫಲ ಬೇಕಿಲ್ಲ ಎನ್ನುತ್ತದೆ 185ನೇ ಕಲಮು. ಸಂಸತ್ತಿಗಾಗಲಿ ಬ್ರಿಟಿಷರಿಗಾಗಲಿ ನಮ್ಮ ಕ್ಯಾಂಟೀನಿನ ಪರಿಚಯವಿರಲಿಲ್ಲ. ಇಲ್ಲಿ ಒಂದು 'ಪ್ರೆಸೆಂಟ್ ಸರ್'ಗೆ ಒಂದು ಮಸಾಲೆ ದೋಸೆ.

ಕೊನೆಯದಾಗಿ ನೋಟಿಸ್ ಬೋರ್ಡು. ಕಳೆದ ವರ್ಷ ಒಬ್ಬ ತಮ್ಮ, ವಿಶೇಷ ತರಗತಿಯ ಸೂಚನೆ ತನಗೆ ಗೊತ್ತೇ ಇರಲಿಲ್ಲ ಎಂದು ಕಚೇರಿಯಲ್ಲಿ ವಾದಿಸಿದ. ಆಧಾರವಾಗಿ 1913ರ ಲಾಲ್‌ಮನ್ ಶುಕ್ಲಾ ಪ್ರಕರಣ ಒಡ್ಡಿದ. ಕಾಣೆಯಾದ ಹುಡುಗನನ್ನು ಹುಡುಕಲು ಹೋದ ಆಳು ಶುಕ್ಲಾ. ಅವನು ಹೊರಟ ಮೇಲೆ ಯಜಮಾನ 501 ರೂಪಾಯಿ ಬಹುಮಾನ ಸಾರಿದ. ಅದು ತಿಳಿಯದೆಯೇ ಶುಕ್ಲಾ ಹುಡುಗನನ್ನು ಪತ್ತೆ ಮಾಡಿದ. ಗೊತ್ತಿಲ್ಲದ ಪ್ರಸ್ತಾಪವನ್ನು ಒಪ್ಪಲಾಗದು, ಹಾಗಾಗಿ ಕರಾರೇ ಇಲ್ಲ ಎಂದಿತು ಅಲಹಾಬಾದ್ ಹೈಕೋರ್ಟು. ನನಗೂ ಸೂಚನೆ ಗೊತ್ತಿರಲಿಲ್ಲ, ಆದ್ದರಿಂದ ಅದು ನನಗೆ ಅನ್ವಯಿಸದು ಎಂದ ನಮ್ಮ ತಮ್ಮ.

ಗುಮಾಸ್ತರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು: “ಆ ಶುಕ್ಲಾಗೆ ಕೊನೆಗೆ ದುಡ್ಡು ಸಿಕ್ತೇನಪ್ಪ?”